‘ಇನ್ನೂ’ ಅನ್ನೋ ಎರಡಕ್ಷರ

ಹಳೇ ಕಂಪನಿಯಿಂದ ಫಾರ್ಮ್ 16 ಬಂತು, ಅರ್ಧ ಮಾತ್ರ. ಹಿಡಿದ ತೆರಿಗೆಯ ಲೆಕ್ಕವಿರುವ ಪಾರ್ಟ್ ಎ ಇತ್ತು, ಸಂಬಳ, ವಿನಾಯಿತಿಗಳ ವಿವರವಿರುವ ಪಾರ್ಟ್ ಬಿ ಇರಲಿಲ್ಲ. ಅಕೌಂಟ್ಸ್‌ನವರು ನಮ್ಮ ಹಾಸನದ ಕಡೆಯವರೇ ಆದ್ದರಿಂದ ಕನ್ನಡದಲ್ಲೇ ಉದ್ದಕ್ಕೆ ಮೇಲ್ ಬರೆದು, ‘ದಯವಿಟ್ಟು ಪರಿಶೀಲಿಸಿ’ ಎಂದು ಮುಗಿಸಿದೆ. ಒಂದು ವಾರ ಕಳೆಯಿತು. ಸದ್ದಿಲ್ಲ.

ನೆನಪಿಸಲು ಕೂತೆ. ‘ಕಳೆದ ವಾರವೇ ಮೇಲ್ ಕಳಿಸಿದ್ದೆ. ಇನ್ನೂ ಉತ್ತರ ಬಂದಿಲ್ಲ.’ ನನಗೇನೋ ಸಭ್ಯವಾಗಿಯೇ ಕಂಡಿತು. ಹೆಂಡತಿ ಹೆಗಲ ಹಿಂದಿನಿಂದ ಓದಿ, “ಜಗಳಕ್ಕೆ ಹೋಗ್ತಿದ್ದೀರಾ?” ಅಂದಳು.

ಅವಳು ಹೇಳಿದ ಮೇಲೆ ಕಂಡಿತು. ‘ಕಳೆದ ವಾರ’ ಅಂದರೆ ಬರೀ ದಿನದ ಲೆಕ್ಕ. ಅದಕ್ಕೊಂದು ‘ವೇ’ ಅಂಟಿಸಿದರೆ ಆರೋಪಪಟ್ಟಿ. ‘ಇನ್ನೂ’ ಅನ್ನೋದಂತೂ ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲಿ ನಿಂತ ಪದ. ಎರಡನ್ನೂ ಅಳಿಸಿ, ಇರಲಿ ಅಂತ ‘ನೀವು’ ಇದ್ದಲ್ಲೆಲ್ಲ ‘ತಾವು’ ಮಾಡಿದೆ. ‘ತಾವು ಬಿಡುವಿಲ್ಲದವರೆಂದು ಬಲ್ಲೆ.’ ಈಗ ಓದಿದರೆ ಹೆಣ್ಣಿನ ಕಡೆಯವರಿಗೆ ಗಂಡಿನ ಕಡೆಯವರು ಆಡುವ ಚುಚ್ಚುಮಾತು! ಕನ್ನಡದಲ್ಲಿ ಮರ್ಯಾದೆ ಒಂದು ಚಮಚ ಹೆಚ್ಚಾದರೂ ವ್ಯಂಗ್ಯವಾಗುತ್ತೆ. ‘ಜೆಂಟಲ್ ರಿಮೈಂಡರ್’ ಹಾಕೋಣವೆಂದರೆ, ಆ ಮಾತು ನನಗೆ ಬಂದಾಗೆಲ್ಲ ನಾನೇ ಹಲ್ಲು ಕಡಿದಿದ್ದೇನೆ.

ಆಗ ನೆನಪಾದದ್ದು ನಮ್ಮಜ್ಜಿ. ಪಕ್ಕದ ಮನೆಗೆ ಹೋದ ಹಿತ್ತಾಳೆ ಕೊಳಗ ತಿಂಗಳಾದರೂ ಬರದಿದ್ದರೆ ಅಜ್ಜಿ ‘ಯಾಕೆ ಕೊಟ್ಟಿಲ್ಲ’ ಅಂತ ಕೇಳಿದವಳೇ ಅಲ್ಲ. “ನಾಳಿದ್ದು ಹುಡುಗರಿಗೆ ಪಾಯಸ ಮಾಡ್ಬೇಕು ಕಣೇ, ಕೊಳಗ ಬೇಕಿತ್ತು” ಅನ್ನುತ್ತಿದ್ದಳು. ಅವರ ತಪ್ಪಿನ ಸುದ್ದಿಯೇ ಇಲ್ಲ. ತನ್ನ ಪಾಯಸ, ತನಗೆ ಬೇಕಾದ ದಿನ, ಅಷ್ಟೇ. ಸಂಜೆಯೊಳಗೆ ಕೊಳಗ ತೊಳೆದು ಬಂದಿರುತ್ತಿತ್ತು.

ಹಳೇ ಮೇಲ್ ತೆರೆದು ಅದಕ್ಕೇ ರಿಪ್ಲೈ ಒತ್ತಿದೆ. ಹಳೆಯದು ಕೆಳಗೇ ನೇತಾಡುವುದರಿಂದ ಯಾವಾಗ ಕಳಿಸಿದ್ದೆ ಅಂತ ನಾನು ಹೇಳುವ ಪ್ರಮೇಯವೇ ಇಲ್ಲ, ತಾರೀಕೇ ಹೇಳುತ್ತೆ. ಬರೆದದ್ದಿಷ್ಟು:

‘ನಮಸ್ಕಾರ ಸಾರ್. ಜುಲೈ 31ರೊಳಗೆ ರಿಟರ್ನ್ ಹಾಕಬೇಕು, ನಮ್ಮ ಆಡಿಟರ್ ಶುಕ್ರವಾರ ಕೂರೋಣ ಅಂದಿದ್ದಾರೆ. ಗುರುವಾರದೊಳಗೆ ಪಾರ್ಟ್ ಬಿ ಕಳಿಸಲು ಆಗುತ್ತಾ? ಅದು ಬೇರೆಯವರ ಕೆಲಸವಾದರೆ ಅವರ ಹೆಸರು ಹೇಳಿ, ಅವರನ್ನೇ ಕೇಳುತ್ತೇನೆ.’

ಕೊನೆಯ ಸಾಲು ನನ್ನದೇ ಸೇರ್ಪಡೆ. ತಪ್ಪಿಸಿಕೊಳ್ಳಲು ಒಂದು ಹಿತ್ತಿಲ ಬಾಗಿಲಿದ್ದರೆ ಜನ ಮುಂಬಾಗಿಲಲ್ಲೇ ಬಂದು ಮಾತಾಡುತ್ತಾರೆ.

ಇಪ್ಪತ್ತು ನಿಮಿಷದಲ್ಲಿ ಪಾರ್ಟ್ ಬಿ ಬಂತು. ಜೊತೆಗೆ ಎರಡು ಸಾಲು: ‘ಸಾರ್, ನಿಮ್ಮ ಮೊದಲನೇ ಮೇಲ್ ಅವತ್ತೇ ನೋಡಿದ್ದೆ. ಪರಿಶೀಲಿಸಿ ಅಂದಿದ್ರಿ, ಪರಿಶೀಲಿಸಿದೆ. ನೀವು ಹೇಳಿದ್ದು ಸರಿಯಾಗೇ ಇತ್ತು, ಪಾರ್ಟ್ ಬಿ ಹೋಗಿರಲಿಲ್ಲ.’