ರಾತ್ರಿ 10:40ಕ್ಕೆ ಬಂದ ಅಜೆಂಡಾ

ಬೆಳಿಗ್ಗೆ 9:30ಕ್ಕೆ ವಿಡಿಯೋ ಕಾಲ್. ಅಜೆಂಡಾ ಮೇಲ್ ಬಂದದ್ದು ಹಿಂದಿನ ರಾತ್ರಿ 10:40ಕ್ಕೆ. 'ದಯವಿಟ್ಟು ಓದಿಕೊಂಡು ಬನ್ನಿ' ಅಂತ ಮೂರು ಫೈಲು. ಒಂದು 46 ಪುಟದ್ದು, ಇನ್ನೊಂದರ ಲಿಂಕ್ ಒತ್ತಿದರೆ ಅನುಮತಿ ಕೇಳುತ್ತದೆ. ಅನುಮತಿ ಕೊಡಬೇಕಾದವರು ಆಗಲೇ ಮಲಗಿದ್ದಾರೆ, ಪುಣ್ಯವಂತರು.

ಹೋಗಲಿ, ತೀರ್ಮಾನ ಏನಾಗಬೇಕು ಅಂತ ನೋಡಿದರೆ: 'ಬಿಡುಗಡೆ ದಿನಾಂಕದ ಬಗ್ಗೆ ಚರ್ಚೆ.' ಇದು ತೀರ್ಮಾನವೇನ್ರೀ? ಬರೀ ವಿಷಯದ ಹೆಸರು! ನಿಜವಾಗಿ ಕೇಳಬೇಕಿದ್ದದ್ದು ಒಂದೇ ಸಾಲು: 'ಬಿಡುಗಡೆಯನ್ನು ಎರಡು ವಾರ ಮುಂದೂಡೋಣವೇ, ಅಥವಾ ಪಾವತಿ ಪುಟವನ್ನು ಬಿಟ್ಟು ಅದೇ ದಿನ ಹೊರತರೋಣವೇ?' ಜೊತೆಗೆ, ಕೊನೆಯ ಮಾತು ಯಾರದು, ಮತ್ತು 46ರಲ್ಲಿ ಓದಬೇಕಾದ್ದು 12ರಿಂದ 14ನೇ ಪುಟ ಮಾತ್ರ ಅಂತ. ಟೆಸ್ಟಿಂಗ್‌ನಲ್ಲಿ ಉಳಿದ ದೋಷಗಳ ಪಟ್ಟಿ ಇದ್ದದ್ದೇ ಅಲ್ಲಿ. ನನಗದು ಗೊತ್ತಾದದ್ದು 31ನೇ ಪುಟದವರೆಗೆ ತೂಕಡಿಸಿ ವಾಪಸ್ ಬಂದ ಮೇಲೆ.

ಬೆಳಿಗ್ಗೆ ಕಾಲ್‌ನಲ್ಲಿ ಮೊದಲ 25 ನಿಮಿಷ ಅದೇ ಫೈಲನ್ನು ಸ್ಕ್ರೀನ್ ಮೇಲೆ ಹಾಕಿ ಓದಿ ಹೇಳಿದರು. ಓದಿ ಬಂದ ನಾನೇ ಪೆದ್ದ. ದಿನಾಂಕ ನಿರ್ಧರಿಸಬೇಕಾದವರಿಗೆ ಮೇಲ್ ಹೋಗಿಯೇ ಇರಲಿಲ್ಲವಂತೆ. ಗುರುವಾರ ಮತ್ತೊಂದು ಕಾಲ್. ಅಜೆಂಡಾ 'ಆಮೇಲೆ ಕಳಿಸ್ತೀವಿ' ಅಂದಿದ್ದಾರೆ.