ಹೃದಯ ಬಲಕ್ಕ ಕಂಡ್ರ ಫಿಲ್ಮ್ ತಿರುವಬ್ಯಾಡ್ರಿ

ಸಿಟ್ಟು ಇನ್ನೂ ಇಳಿದಿಲ್ಲ, ಬರದ ಮಲಗ್ತೀನಿ.

ಮುಂಜಾನೆ ಕೊಪ್ಪಳ ಕಡೆಯ ಒಂದು ಆಸ್ಪತ್ರೆಯಿಂದ ವಾಟ್ಸಾಪ್‌ನಾಗ ಎದಿ ಎಕ್ಸ್‌ರೇ ಬಂತು. "ಸರ್, ಬಲಗಡಿ ನೀರು ತುಂಬೈತ್ರಿ, ಸೂಜಿ ಹಾಕಿ ತಗಿಯಾಕ ಹೊಂಟೀವಿ, ಒಮ್ಮೆ ನೋಡ್ರಿ." ಫೋಟೋದಾಗ ಹೆಸರಿನ ಪಟ್ಟಿನ ಕಟ್ ಆಗೇತಿ. ಪೇಷಂಟ್ ಹೆಸರು ಹುಲಿಗೆಮ್ಮ ಅಂದ್ರ ಸಾಕೇನು, ಆ ಹೆಸರಿನವರು ನಮ್ಮ ಕಡೆ ವಾರ್ಡಿಗೆ ಇಬ್ಬರು ಮೂವರು ಇರ್ತಾರ, ವಯಸ್ಸು, ಓಪಿಡಿ ನಂಬರ್, ತಾರೀಖು ನೋಡದ ಯಾರ ಎದಿಗೆ ಸೂಜಿ ಹಾಕ್ತೀರಿ? ಅದನ್ನ ತರಿಸಿಕೊಂಡ ಮ್ಯಾಲ ಫಿಲ್ಮ್ ನೋಡಿದೆ.

ಬಲಗಡಿ ಪೂರಾ ಬೆಳ್ಳಗ, ಹೃದಯ ಎಡಕ್ಕ ಸರದೈತಿ, ಮೂಲ್ಯಾಗ ಬಲಗಡಿ ಅಂತ ತೋರಸೋ R. ಎಲ್ಲಾ ಹೊಂದತೈತಿ. ಆದ್ರ ಆ R ಕಂಪ್ಯೂಟರಿನ್ಯಾಗ ಆಮ್ಯಾಲೆ ಹಾಕಿದ್ದು, ಸೀಸದ ಮಾರ್ಕರ್ ಎಲ್ಲೂ ಇಲ್ಲ. ಕೆಳಗ ನೋಡಿದ್ರ ಹೊಟ್ಟಿ ಗಾಳಿಯ ಕಪ್ಪು ಗುಳ್ಳಿ ಬೆಳ್ಳಗಿರೋ ಕಡೇನ ಕುಂತೈತಿ. ಜಠರದ ಗಾಳಿ ಎಡಕ್ಕಿರಬೇಕಲ್ರಿ, ಬಲಕ್ಕ ಲಿವರ್ ಇರತೈತಿ. ಕೂಡಲೇ ಫೋನ್ ಹಚ್ಚಿ, ಸೂಜಿ ಬದಿಗಿಟ್ಟು ಮೊದಲು ಬೆನ್ನಿನ ಮ್ಯಾಲ ಬೆರಳಿಂದ ಬಡದು ನೋಡ್ರಿ ಅಂದೆ. ಎಡಗಡಿ ಕಲ್ಲು ಬಡದಂಗ ಮಂದ ಸಪ್ಪಳ, ಬಲಗಡಿ ಉಸಿರು ಚೊಲೊ ಕೇಳಸ್ತಿತ್ತು.

ಕ್ರಾಪ್ ಮಾಡದ ಮೂಲ ಇಮೇಜ್ ತರಿಸಿದೆ. ಅಂಚಿನ್ಯಾಗ ಸೀಸದ L, ಬೆಳ್ಳಗಿರೋ ಕಡೇನ. ಟೆಕ್ನಿಷಿಯನ್ ಹುಡುಗ ಹೇಳಿದ: "ಹೃದಯ ಬಲಕ್ಕ ಬಂದಿತ್ತು ಸರ್, ಉಲ್ಟಾ ಬಿದ್ದೈತಿ ಅಂದ್ಕೊಂಡು ಫ್ಲಿಪ್ ಹೊಡದು R ಹಾಕಿದೆ." ಎಡಗಡಿ ಅಷ್ಟು ನೀರು ತುಂಬಿದ್ರ ಹೃದಯಾನ ಸಾಮಾನ್ಯವಾಗಿ ಬಲಕ್ಕ ದೂಡತೈತಿ, ಅದೂ ಆ ರೋಗದ ಒಂದು ಗುರುತು. ಹುಟ್ಟಿನಿಂದ ಹೃದಯ ಬಲಕ್ಕಿರೋ ಮಂದಿನೂ ಇರ್ತಾರ, ಅವರ ಫಿಲ್ಮ್ ತಿರುವಿದ್ರ ಆ ಸಂಗತೀನ ಯಾರಿಗೂ ಗೊತ್ತಾಗಂಗಿಲ್ಲ. ಹೃದಯ ನೋಡಿ ಎಡ ಬಲ ನಿರ್ಧಾರ ಮಾಡಬ್ಯಾಡ್ರಿ ಅಂತ ನಾ ಬಡಕೊಳ್ಳೋದು ಇದಕ್ಕ. ಎಕ್ಸ್‌ರೇ ಹೊಡಿಯೋ ಮುಂದ ಕ್ಯಾಸೆಟ್ ಮ್ಯಾಲ ಇಟ್ಟ ಸೀಸದ ಅಕ್ಷರ ಪೇಷಂಟ್ ಜೊತೀನ ಇಮೇಜಿನ್ಯಾಗ ಬೀಳತೈತಿ, ತಿರುವಿದ್ರ ಅದೂ ಕನ್ನಡಿ ಅಕ್ಷರ ಆಗತೈತಿ, ಕಳ್ಳತನ ಅಲ್ಲೇ ಸಿಗತೈತಿ. ಆಮ್ಯಾಲೆ ಟೈಪ್ ಮಾಡಿದ R ಫ್ಲಿಪ್ ಆದ ಫಿಲ್ಮಿನ್ಯಾಗೂ ನೆಟ್ಟಗ ಕುಂತಿರತೈತಿ.

"ದಿನಾ ನೂರು ಫಿಲ್ಮ್ ಇರ್ತಾವ, ಎಲ್ಲಿ ಟೈಮ್ ಐತ್ರಿ" ಅಂತಾರ. ಹೆಸರು, ಮಾರ್ಕರ್, ಗಾಳಿ ಗುಳ್ಳಿ, ಮೂರೂ ನೋಡಾಕ ಹತ್ತು ಸೆಕೆಂಡ್ ಸಾಕು. ತಪ್ಪು ಕಡೆ ಸೂಜಿ ಹಾಕಿ ಚೊಲೊ ಇದ್ದ ಒಂದ ಪುಪ್ಪುಸದಾಗ ಗಾಳಿ ಸೋರಿದ್ರ ಆ ಮನಷ್ಯಾ ಉಸಿರಾಡೋದು ಯಾವುದ್ರಿಂದ?

ಪಿಜಿ ಓದೋವಾಗ ನಾನೂ ಒಂದ್ಸಲ ಮಾರ್ಕರ್ ನೋಡದ ಬಲಗೈ ಬದಲು ಎಡಗೈ ಅಂತ ಬರದು ಕೊಟ್ಟಿದ್ದೆ. ಕಟ್ಟು ಹಾಕೋ ಮುಂದ ಆ ಹುಡುಗನ ತಾಯಿನೇ ತಡದ್ರು. ಆ ಹೆಣ್ಮಗಳ ಮಾರಿ ಇವತ್ತಿಗೂ ಕಣ್ಣಮುಂದ ಐತಿ.

ಸಂಜಿಕೆ ಫೋನ್ ಬಂತು, ಎಡಗಡಿಯಿಂದ ಒಂದು ಲೀಟರ್ ತಗದಾರ, ಈಗ ಮಲಗಿದ್ರೂ ದಮ್ಮು ಹತ್ತೋದಿಲ್ಲಂತ.