ಗುಳ್ಳೆಯ ಜಗಳ

ನಮ್ಮ ಮನೆಯಲ್ಲಿ ಸಮೋಸ ಮಾಡುವವನು ನಾನು. ದೋಸೆ, ಸಾರು, ಪಲ್ಯದ ವಿಷಯಕ್ಕೆ ನಾನು ಬಾಯಿ ಹಾಕುವ ಹಾಗಿಲ್ಲ. ಆದರೆ ಸಮೋಸದ ಬಾಣಲೆ ನನ್ನದು. ಕೆಲಸದ ಮೇಲೆ ಮೂರು ವರ್ಷ ಕಾನ್ಪುರದಲ್ಲಿದ್ದೆ. ಬೀದಿ ಕೊನೆಯ ಮಿಠಾಯಿ ಅಂಗಡಿಯ ಮುಂದೆ ಸಂಜೆ ಸುಮ್ನೆ ನಿಂತು ನಿಂತು ಕಲಿತ ವಿದ್ಯೆ ಇದು.

ಮನೆಯಲ್ಲಿ ಜಗಳ ಇರುವುದು ರುಚಿಗಲ್ಲ, ಗುಳ್ಳೆಗೆ. ಅಪ್ಪನಿಗೆ ಸಮೋಸದ ಮೈ ತುಂಬ ಗುಳ್ಳೆ ಎದ್ದಿರಬೇಕು. ಅವರು ರೈಲಿನಲ್ಲಿ ಪೇಪರಿನ ಮೇಲೆ ಇಟ್ಟು ಕೊಡುತ್ತಿದ್ದ ಈರುಳ್ಳಿ ಸಮೋಸ ತಿಂದು ಬೆಳೆದವರು. ‘ಗುಳ್ಳೆ ಇಲ್ಲದಿದ್ದರೆ ಅದು ಗರಿಯಾಗಿದೆ ಅಂತ ಗೊತ್ತಾಗೋದು ಹೇಗೋ?’ ಎಂದು ಕೇಳುತ್ತಾರೆ. ಕಾನ್ಪುರದ ಆ ಅಂಗಡಿಯವನು ಇದಕ್ಕೆ ಪೂರ್ತಿ ಉಲ್ಟಾ. ಒಂದು ಸಮೋಸದ ಮೇಲೆ ಗುಳ್ಳೆ ಎದ್ದರೆ ಕರಿಯುವ ಹುಡುಗನಿಗೆ ಬೈಗುಳ ಬೀಳುತ್ತಿತ್ತು. ಅವನ ಸಮೋಸ ನುಣ್ಣಗೆ, ಹೊಳಪಿಲ್ಲದೆ, ಮಣ್ಣಿನ ಹಣತೆಯ ಹಾಗೆ ಇರುತ್ತಿತ್ತು. ಮುರಿದರೆ ಕಟ್ ಎಂದು ಸದ್ದಾಗಿ ಪುಡಿ ಉದುರುತ್ತಿತ್ತು. ಅದಕ್ಕೆ ಅಲ್ಲಿನವರು ಖಸ್ತಾ ಅನ್ನುತ್ತಾರೆ.

ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಹಪ್ಪಳದ ಗರಿ ಬೇರೆ, ನಿಪ್ಪಟ್ಟಿನ ಗರಿ ಬೇರೆ. ಹಪ್ಪಳ ಗುಳ್ಳೆ ಎದ್ದು ಗರಿಯಾಗುತ್ತದೆ, ಸ್ವಲ್ಪ ಹೊತ್ತು ಹೊರಗಿಟ್ಟರೆ ಮೆತ್ತಗಾಗುತ್ತದೆ. ನಿಪ್ಪಟ್ಟು ಡಬ್ಬಿಯಲ್ಲಿ ದಿನಗಟ್ಟಲೆ ಕೂತರೂ ಹಾಗೇ ಇರುತ್ತದೆ. ಅಪ್ಪ ಕೇಳುವುದು ಮೊದಲನೆಯದನ್ನು. ನಾನು ಕಲಿತು ಬಂದಿದ್ದು ಎರಡನೆಯದನ್ನು.

ಗುಳ್ಳೆ ಏಳುವುದಕ್ಕೆ ಎರಡು ವಸ್ತು ಬೇಕು. ಒಂದು, ಹಿಟ್ಟಿನೊಳಗಿನ ನೀರು ಒಮ್ಮೆಲೇ ಆವಿಯಾಗಬೇಕು. ಇನ್ನೊಂದು, ಆ ಆವಿಯನ್ನು ಹಿಡಿದುಕೊಂಡು ಬಲೂನಿನ ಹಾಗೆ ಉಬ್ಬುವ ಜಿಗುಟು ಚರ್ಮ ಬೇಕು. ಮೈದಾಕ್ಕೆ ನೀರು ಹಾಕಿ ನಾದಿದರೆ ಆ ಜಿಗುಟು ತಾನಾಗಿ ಬರುತ್ತದೆ. ಹೋಳಿಗೆಯ ಕಣಕ ಎಳೆದಷ್ಟೂ ಬರುತ್ತದಲ್ಲ, ಅದೇ. ಖಸ್ತಾ ಬೇಕು ಅನ್ನುವವನು ಎರಡಕ್ಕೂ ಕಲ್ಲು ಹಾಕಬೇಕು. ಜಿಗುಟನ್ನು ತುಪ್ಪದಿಂದ ಕೆಡಿಸಬೇಕು, ಆವಿಯ ಅವಸರವನ್ನು ಸಣ್ಣ ಉರಿಯಿಂದ ತಗ್ಗಿಸಬೇಕು.

ಮೊದಲು ತುಪ್ಪದ ಮಾತು. ನಾನು ಕಾಲು ಕೇಜಿ ಮೈದಾಕ್ಕೆ 60 ಗ್ರಾಂ ತುಪ್ಪ ಹಾಕುತ್ತೇನೆ, ಅಂದರೆ ಸುಮಾರು ನಾಲ್ಕು ದೊಡ್ಡ ಚಮಚ. ಜೊತೆಗೆ ಅರ್ಧ ಚಮಚ ಉಪ್ಪು, ಅಂಗೈಯಲ್ಲಿ ತಿಕ್ಕಿದ ಓಮದ ಕಾಳು. ಎಣ್ಣೆಯೂ ಆಗುತ್ತದೆ. ಹಿಟ್ಟಿಗೆ ಹೀಗೆ ಸೇರಿಸುವ ಜಿಡ್ಡಿಗೆ ಹಿಂದಿಯಲ್ಲಿ ಮೋಯನ್ ಅಂತ ಹೆಸರು. ನಾನು ಊರಿಗೆ ಬಂದು ಈ ಪದವನ್ನು ದೊಡ್ಡದಾಗಿ ಹೇಳಿದಾಗ ನನ್ನ ಹೆಂಡತಿ ನಕ್ಕಳು. ‘ಚಕ್ಲಿ ಹಿಟ್ಟಿಗೆ ಬಿಸಿ ತುಪ್ಪ ಹಾಕೋದು ಮತ್ತೇನಕ್ಕೆ ರೀ?’ ಅಂದಳು. ಅವಳಿಗೆ ಪರೀಕ್ಷೆಯೂ ಗೊತ್ತಿತ್ತು. ತುಪ್ಪ ಹಾಕಿ ತಿಕ್ಕಿದ ಹಿಟ್ಟನ್ನು ಮುಷ್ಟಿಯಲ್ಲಿ ಒತ್ತಿ ಕೈ ಬಿಚ್ಚಿದರೆ ಉಂಡೆ ಹಾಗೇ ನಿಲ್ಲಬೇಕು, ಬೆರಳಲ್ಲಿ ತಟ್ಟಿದರೆ ಒಡೆಯಬೇಕು. ಕಾನ್ಪುರದವನೂ ಇದನ್ನೇ ಹೇಳಿದ್ದ.

ತಿಕ್ಕುವ ಕೆಲಸದಲ್ಲಿ ಅವಸರ ಮಾಡುವ ಹಾಗಿಲ್ಲ. ಐದು ನಿಮಿಷ ಎರಡು ಅಂಗೈ ನಡುವೆ ಹಿಟ್ಟನ್ನು ಉಜ್ಜುತ್ತಾ ಇದ್ದರೆ ಅದು ಚಿರೋಟಿ ರವೆಯ ಹಾಗೆ ಪುಡಿಪುಡಿಯಾಗುತ್ತದೆ. ಆಗ ಹಿಟ್ಟಿನ ಕಣಕಣಕ್ಕೂ ತುಪ್ಪ ಹತ್ತಿರುತ್ತದೆ. ಆಮೇಲೆ ನೀರು ಹಾಕಿದರೂ ಅದು ಒಳಗೆ ಸರಾಗವಾಗಿ ಇಳಿಯುವುದಿಲ್ಲ, ಜಿಗುಟಿನ ಎಳೆಗಳು ಉದ್ದವಾಗಿ ಬೆಳೆಯುವುದಿಲ್ಲ. ನೀರು ಮೊದಲು, ತುಪ್ಪ ಆಮೇಲೆ ಅಂತ ಹಾಕಿದರೆ ಈ ಉಪಕಾರ ಸಿಗುವುದಿಲ್ಲ.

ಒಂದು ಸಲ ತುಪ್ಪ ಮುಗಿದಿತ್ತು ಅಂತ ಬೆಣ್ಣೆ ಹಾಕಿದೆ. ಬೆಣ್ಣೆಯೂ ಜಿಡ್ಡೇ ಅಲ್ವಾ? ಮೈ ತುಂಬ ಗುಳ್ಳೆ ಬಂತು, ಅಪ್ಪ ಮಾತ್ರ ಕುಣಿದರು. ಬೆಣ್ಣೆಯಲ್ಲಿ ಆರನೇ ಒಂದು ಪಾಲು ನೀರೇ ಇರುತ್ತದೆ. ತುಪ್ಪದಲ್ಲಿ ಆ ನೀರನ್ನು ಕಾಯಿಸುವಾಗಲೇ ಓಡಿಸಿರುತ್ತೇವೆ. ಹಾಗಂತ ತುಪ್ಪ ಜಾಸ್ತಿ ಹಾಕಿದರೂ ಕಷ್ಟವೇ. ಲಟ್ಟಿಸುವಾಗ ಅಂಚು ಸೀಳುತ್ತದೆ, ಮಡಿಸುವಾಗ ಬಿರುಕು ಬಿಡುತ್ತದೆ. ಹೇಗೋ ಮಾಡಿ ಎಣ್ಣೆಗೆ ಬಿಟ್ಟರೆ ಅಲ್ಲಿ ಒಡೆದು ಪಲ್ಯವೆಲ್ಲ ಈಜಾಡುತ್ತದೆ.

ನೀರು ಮಾತ್ರ ಜಿಪುಣನ ಹಾಗೆ ಹಾಕಬೇಕು. ಈ ಅಳತೆಗೆ 80ರಿಂದ 90 ಮಿಲಿ ಸಾಕು. ಚಪಾತಿ ಹಿಟ್ಟಿಗಿಂತ ಗಟ್ಟಿ ಇರಬೇಕು, ಪೂರಿ ಹಿಟ್ಟಿಗಿಂತಲೂ ಒಂದು ಕೈ ಗಟ್ಟಿ. ನಾದಬಾರದು. ಒಟ್ಟುಗೂಡಿಸಿ ಬಿಟ್ಟರೆ ಸಾಕು. ನೋಡಲು ಒರಟಾಗಿ, ಮುದ್ದೆ ಕೆಟ್ಟ ಹಾಗೆ ಕಾಣುತ್ತದೆ. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಇಟ್ಟರೆ ಆ ಒರಟುತನ ತಾನೇ ಇಳಿಯುತ್ತದೆ. ಇದರಿಂದ ಆರು ಉಂಡೆ. ಒಂದೊಂದನ್ನು ಲಟ್ಟಿಸಿ ಎರಡು ಹೋಳು ಮಾಡಿದರೆ ಹನ್ನೆರಡು ಸಮೋಸ. ಒಣ ಹಿಟ್ಟು ಉದುರಿಸಿ ಲಟ್ಟಿಸಬಾರದು. ಅದು ಎಣ್ಣೆಯ ತಳಕ್ಕೆ ಹೋಗಿ ಸೀದು ಕಪ್ಪಾಗುತ್ತದೆ. ಆಲೂಗೆಡ್ಡೆ ಪಲ್ಯ ಪೂರ್ತಿ ತಣ್ಣಗಾಗಿರಬೇಕು. ಬಿಸಿ ಪಲ್ಯ ತುಂಬಿದರೆ ಅದು ಒಳಗೇ ಬೆವರಿ ಹೊದಿಕೆಯನ್ನು ಮೆತ್ತಗೆ ಮಾಡುತ್ತದೆ. ಮಡಿಸಿದ ಸಮೋಸವನ್ನು ನಾನು ಇಪ್ಪತ್ತು ನಿಮಿಷ ಮುಚ್ಚದೆ ಗಾಳಿಗೆ ಇಡುತ್ತೇನೆ, ಮೇಲ್ಮೈಯ ಹಸಿ ಆರಲಿ ಅಂತ.

ಇಷ್ಟು ಮಾಡಿದ ಮೇಲೂ ಅರ್ಧ ಕೆಲಸ ಬಾಕಿ ಇರುತ್ತದೆ. ನಮಗೆ ಕರಿಯುವುದು ಅಂದರೆ ಎಣ್ಣೆ ಚೆನ್ನಾಗಿ ಕಾಯಬೇಕು ಅಂತ ತಲೆಯಲ್ಲಿ ಕೂತಿದೆ. ಪೂರಿ, ಬಜ್ಜಿ, ಬೋಂಡ ಮಾಡಿದ ಕೈಗೆ ತಣ್ಣನೆಯ ಎಣ್ಣೆಯಲ್ಲಿ ಏನನ್ನಾದರೂ ಬಿಡುವುದೇ ಪಾಪದ ಕೆಲಸ. ಸಮೋಸಕ್ಕೆ ಆ ಪಾಪ ಮಾಡಬೇಕು. ಚಿಟಿಕೆ ಹಿಟ್ಟು ಎಣ್ಣೆಗೆ ಹಾಕಿದರೆ ಅದು ತಳಕ್ಕೆ ಹೋಗಿ ಕೂರಬೇಕು, ನಾಲ್ಕು ಗುಳ್ಳೆ ಬಿಡುತ್ತಾ ನಿಧಾನವಾಗಿ ಮೇಲೆ ಬರಬೇಕು. ಹಾಕಿದ ತಕ್ಷಣ ಚುರ್ ಎಂದು ತೇಲಿದರೆ ಎಣ್ಣೆ ಜಾಸ್ತಿ ಕಾದಿದೆ ಎಂದರ್ಥ. ಮಗ ತಂದುಕೊಟ್ಟ ಥರ್ಮಾಮೀಟರ್ ಹಿಡಿದು ನೋಡಿದ್ದೇನೆ. ತಳದಲ್ಲಿ ಕೂತು ಮೇಲೆ ಬರುವ ಹದ 130 ಡಿಗ್ರಿಯ ಆಸುಪಾಸು. ಪೂರಿಗೆ ಬೇಕಾಗುವುದು 180ರ ಸುತ್ತಮುತ್ತ.

ಈ ಸಣ್ಣ ಉರಿಯಲ್ಲಿ ಸಮೋಸ ಬಾಣಲೆಯ ತಳದಲ್ಲಿ ಸುಮ್ಮನೆ ಮಲಗಿರುತ್ತದೆ. ಮೊದಲ ನಾಲ್ಕೈದು ನಿಮಿಷ ಜಾಲರಿ ಸೌಟು ತಾಗಿಸುವ ಹಾಗಿಲ್ಲ, ಮುಟ್ಟಿದರೆ ಹರಿಯುತ್ತದೆ. ಹಿಟ್ಟಿನ ನೀರು ಸಣ್ಣ ಸಣ್ಣ ಗುಳ್ಳೆಯಾಗಿ ಹೊರಗೆ ಹೋಗುತ್ತಿರುತ್ತದೆ. ಮೇಲ್ಮೈ ಇನ್ನೂ ಗಟ್ಟಿಯಾಗಿಲ್ಲ, ಆದ್ದರಿಂದ ಆವಿಗೆ ದಾರಿ ಇದೆ. ಹೊದಿಕೆ ಹೊರಗಿನಿಂದ ಒಳಗಿನವರೆಗೆ ಒಂದೇ ಸಮ ಒಣಗುತ್ತದೆ. ಎಣ್ಣೆ ಕಾದಿದ್ದರೆ ಮೇಲ್ಮೈ ಒಂದೇ ಕ್ಷಣದಲ್ಲಿ ಮುಚ್ಚಿಕೊಳ್ಳುತ್ತದೆ, ಕೆಳಗಿನ ಆವಿ ಆ ಪೊರೆಯನ್ನೇ ಎತ್ತಿ ಹಿಡಿಯುತ್ತದೆ. ಗುಳ್ಳೆಯ ತೆಳು ಪೊರೆ ಬೇಗ ಕೆಂಪಾಗುವುದರಿಂದ ಬೆಂದಿದೆ ಅಂತ ಮೋಸ ಹೋಗುತ್ತೇವೆ. ಅದರಡಿಯ ಹಿಟ್ಟು ಹಸಿ. ಆ ಹಸಿಯೇ ಅರ್ಧ ಗಂಟೆಯಲ್ಲಿ ಮೇಲೆ ಬಂದು ಎಲ್ಲವನ್ನೂ ಜೋತಾಡಿಸುತ್ತದೆ.

ಹನ್ನೆರಡು ಹದಿನೈದು ನಿಮಿಷದ ಮೇಲೆ ಎಣ್ಣೆಯ ಸದ್ದು ಕಡಿಮೆಯಾಗುತ್ತದೆ. ಆಗ ಬಣ್ಣಕ್ಕೋಸ್ಕರ ಉರಿ ಸ್ವಲ್ಪ ಜಾಸ್ತಿ ಮಾಡಿ, ಎರಡು ಮೂರು ನಿಮಿಷದಲ್ಲಿ ತೆಗೆಯಬೇಕು. ಕಡೆಯಲ್ಲಿ ಈ ಉರಿ ಏರಿಸದಿದ್ದರೆ ಸಮೋಸ ಬಿಳಿಚಿಕೊಂಡು ಎಣ್ಣೆ ಒಸರುತ್ತದೆ. ಖಸ್ತಾ ಕಚೋರಿಗೂ ಇದೇ ನಡೆ. ಅದಕ್ಕೆ ಹಿಟ್ಟು ಸ್ವಲ್ಪ ಮೆದು ಇರಬೇಕು, ಕಾರಣ ಅಲ್ಲಿ ಚರ್ಮದ ಮೇಲೆ ಹತ್ತು ಗುಳ್ಳೆ ಬೇಡ, ಇಡೀ ಕಚೋರಿಯೇ ಒಂದು ಗುಳ್ಳೆಯಾಗಿ ನಿಧಾನವಾಗಿ ಉಬ್ಬಬೇಕು.

ನನ್ನ ದೊಡ್ಡ ಸೋಲು ಬೇರೆ ಕಡೆ ಇತ್ತು. ಮೊದಲ ಆರು ಸಮೋಸ ಕಾನ್ಪುರದ ಹಾಗೇ ಬರುತ್ತಿದ್ದವು. ಎರಡನೇ ಸಲ ಹಾಕಿದ ಆರೂ ಮೈ ತುಂಬ ಗುಳ್ಳೆ. ಅದೇ ಹಿಟ್ಟು, ಅದೇ ತುಪ್ಪ, ಅದೇ ಕೈ. ಎಷ್ಟೋ ತಿಂಗಳು ಹಿಟ್ಟನ್ನೇ ಬೈದೆ. ಆಮೇಲೆ ಹೊಳೆಯಿತು: ಮೊದಲ ಸಲದ ಕೊನೆಗೆ ಬಣ್ಣಕ್ಕೆ ಅಂತ ಉರಿ ಏರಿಸುತ್ತೇನಲ್ಲ, ಆ ಬಿಸಿ ಎಣ್ಣೆಗೇ ಎರಡನೆಯ ಸಲದ್ದನ್ನು ಬಿಡುತ್ತಿದ್ದೆ. ಅಂಗಡಿಯವನು ಆ ಹೊತ್ತಿಗೆ ಒಲೆ ಕೆಡಿಸಿ ಒಂದು ಸೌಟು ತಣ್ಣನೆ ಎಣ್ಣೆ ಸುರಿಯುತ್ತಿದ್ದ. ನಾನು ಅದನ್ನು ನೋಡಿದ್ದೆ, ಎಣ್ಣೆ ಕಡಿಮೆಯಾಯಿತು ಅಂತ ಹಾಕುತ್ತಿದ್ದಾನೆ ಅಂದುಕೊಂಡಿದ್ದೆ.

ಬಾಣಲೆ ಇಳಿಸಿ ಎಣ್ಣೆ 180ರಿಂದ 130ಕ್ಕೆ ಆರುವವರೆಗೆ ಕಾಯುವುದು ಬೇಸರದ ಕೆಲಸ. ಮನೆಯಲ್ಲಿ ಕಾಫಿ ಕಾಯುತ್ತಿರುತ್ತದೆ, ಜನ ಕಾಯುತ್ತಿರುತ್ತಾರೆ. ಈಗ ನಾನು ಹಾಗೆ ಕಾಯುವುದಿಲ್ಲ. ಹಿಟ್ಟಿನಲ್ಲಿ ಎರಡು ಉಂಡೆ ಮೊದಲೇ ಬೇರೆ ಮಾಡಿ, ಕೈ ಒದ್ದೆ ಮಾಡಿಕೊಂಡು ಅವನ್ನು ಚೆನ್ನಾಗಿ ನಾದಿಡುತ್ತೇನೆ, ಒಂದಿಷ್ಟು ಜಿಗುಟು ಬರಲಿ ಅಂತ. ಒಳಗಿನ ಹಿಟ್ಟು ಹಸಿ ಉಳಿಯದ ಹಾಗೆ ತೀರಾ ತೆಳ್ಳಗೆ ಲಟ್ಟಿಸುತ್ತೇನೆ. ಈರುಳ್ಳಿಗೆ ಒಂದು ಹಿಡಿ ತೆಳು ಅವಲಕ್ಕಿ ಬೆರೆಸಿ ತುಂಬುತ್ತೇನೆ, ಈರುಳ್ಳಿ ಬಿಡುವ ನೀರನ್ನು ಅವಲಕ್ಕಿ ಕುಡಿಯುತ್ತದೆ. ಮೊದಲಿನವು ಬಾಣಲೆಯಿಂದ ಇಳಿದ ಕೂಡಲೇ ಅದೇ ಕಾದ ಎಣ್ಣೆಗೆ ಈ ನಾಲ್ಕನ್ನು ಬಿಟ್ಟರೆ ಮೂರು ನಾಲ್ಕು ನಿಮಿಷದಲ್ಲಿ ಮೈ ತುಂಬ ಸಾಸಿವೆಯಷ್ಟು, ಕಡಲೆಯಷ್ಟು ಗುಳ್ಳೆ.

ಅವನ್ನು ತಟ್ಟೆಗೆ ಹಾಕಿ ನೇರ ಅಪ್ಪನ ಕೈಗೆ ಕೊಡುತ್ತೇನೆ. ಬಿಸಿ ಇರುವಾಗಲೇ ಮುಗಿಸುತ್ತಾರೆ, ಮೆತ್ತಗಾಗಲು ಪುರುಸೊತ್ತೇ ಇರುವುದಿಲ್ಲ. ರಾತ್ರಿ ಎಂಟಕ್ಕೆ ಅಡುಗೆಮನೆಯಲ್ಲಿ ಡಬ್ಬಿಯ ಮುಚ್ಚಳ ತೆಗೆದ ಸದ್ದು, ಹಿಂದೆಯೇ ಕಟ್ ಎಂಬ ಸದ್ದು. ‘ಅಪ್ಪಾ, ಅದರಲ್ಲಿ ಗುಳ್ಳೆ ಇಲ್ಲ’ ಅಂತ ಇಲ್ಲಿಂದಲೇ ಕೂಗುತ್ತೇನೆ. ‘ಕತ್ತಲಲ್ಲಿ ಯಾರಿಗೋ ಕಾಣುತ್ತೆ’ ಅನ್ನುತ್ತಾರೆ.